ಪಾಸ್‌ಬುಕ್ಕಿನಲ್ಲಿ ಕಾಣದ ಕಡಿತ

(ಬಸವನಗುಡಿಯ ಬಡಾವಣೆ ನಿವಾಸಿಗಳ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಷೇರು, ಚಿನ್ನ, ಸೈಟು ಯಾವುದರ ಬಗ್ಗೆಯೂ ಮಾತಾಡುವುದಿಲ್ಲ. ನಮ್ಮೆಲ್ಲರ ಹತ್ತಿರ ಇರುವ ಎಸ್‌ಬಿ ಖಾತೆ, ಅಂದರೆ ಉಳಿತಾಯ ಖಾತೆ, ಅದರ ಬಗ್ಗೆ ಮಾತ್ರ. ಅದರಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುವ ದುಡ್ಡಿಗೆ ಏನಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೌಂಟರಿನ ಆ ಕಡೆ ಕೂತು ಇಂಥ ಖಾತೆಗಳನ್ನು ಬಹಳ ನೋಡಿದ್ದೇನೆ.

2020ರ ಏಪ್ರಿಲ್ 1ರಿಂದ ಶುರು ಮಾಡೋಣ. ಲಾಕ್‌ಡೌನ್ ಬಂದು ಒಂದು ವಾರ ಆಗಿತ್ತು. ಅವತ್ತು ನಿಮ್ಮ ಎಸ್‌ಬಿ ಖಾತೆಯಲ್ಲಿ 1 ಲಕ್ಷ ರೂಪಾಯಿ ಇತ್ತು ಅಂದುಕೊಳ್ಳಿ. ಆಸ್ಪತ್ರೆಗೆ ಬೇಕಾದೀತು, ಕೆಲಸ ಹೋದರೆ ಬೇಕಾದೀತು ಅಂತ ನೀವು ಅದನ್ನು ಮುಟ್ಟಲಿಲ್ಲ. ದೇವರ ದಯೆಯಿಂದ ಅದು ಬೇಕಾಗಲೂ ಇಲ್ಲ. ಐದು ವರ್ಷ ಹಾಗೇ ಇತ್ತು.

ಆಗ ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ ಎಸ್‌ಬಿ ಬಡ್ಡಿ ಇಳಿಯುತ್ತಾ ಬಂದು, ಕೆಲವೇ ವಾರಗಳಲ್ಲಿ 2.7%ಗೆ ನಿಂತಿತು. ಆಮೇಲೆ ಐದು ವರ್ಷ ಅಲ್ಲಿಂದ ಕದಲಲಿಲ್ಲ. ಬಡ್ಡಿಯನ್ನು ದಿನದ ಬ್ಯಾಲೆನ್ಸ್ ಮೇಲೆ ಲೆಕ್ಕ ಹಾಕಿ, ಮೂರು ತಿಂಗಳಿಗೊಮ್ಮೆ ಖಾತೆಗೆ ಹಾಕುತ್ತಾರೆ. ಹಾಗೆ ಸೇರುತ್ತಾ ಸೇರುತ್ತಾ 2025ರ ಮಾರ್ಚ್ ಕೊನೆಗೆ ನಿಮ್ಮ 1 ಲಕ್ಷ, ಸುಮಾರು 1,14,400 ರೂಪಾಯಿ ಆಗಿರುತ್ತದೆ. ಪಾಸ್‌ಬುಕ್ ಪ್ರಿಂಟ್ ಮಾಡಿಸಿದರೆ ಬಡ್ಡಿ ಜಮಾ ಆದ ಸಾಲುಗಳೇ ಕಾಣುತ್ತವೆ. 14,400 ಲಾಭ ಅಲ್ವಾ?

ಈಗ ಆ ದುಡ್ಡಿನಿಂದ ನಂದಿನಿ ಹಾಲು ಕೊಳ್ಳೋಣ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು. 2020ರ ಏಪ್ರಿಲ್‌ನಲ್ಲಿ ಲೀಟರಿಗೆ 37 ರೂಪಾಯಿ ಇತ್ತು. 2022ರ ನವೆಂಬರ್‌ನಲ್ಲಿ 39 ಆಯಿತು, 2023ರ ಆಗಸ್ಟ್‌ನಲ್ಲಿ 42. ನಡುವೆ ಒಮ್ಮೆ ಪ್ಯಾಕೆಟ್ಟಿಗೆ 50 ಮಿಲಿ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದ್ದರು, ಅದನ್ನು ಆಮೇಲೆ ವಾಪಸ್ ತೆಗೆದರು. 2025ರ ಏಪ್ರಿಲ್ 1ಕ್ಕೆ ಲೀಟರಿಗೆ 46.

2020ರಲ್ಲಿ ನಿಮ್ಮ 1 ಲಕ್ಷಕ್ಕೆ 2,702 ಲೀಟರ್ ಹಾಲು ಬರುತ್ತಿತ್ತು. 2025ರಲ್ಲಿ, ಬಡ್ಡಿಯೂ ಸೇರಿದ 1,14,400ಕ್ಕೆ 2,487 ಲೀಟರ್ ಬರುತ್ತದೆ. ಬಡ್ಡಿ ಬಂದ ಮೇಲೂ 215 ಲೀಟರ್ ಕಮ್ಮಿ. ದಿನಕ್ಕೆ ಅರ್ಧ ಲೀಟರ್ ತರಿಸುವ ಮನೆಗೆ ಅದು ಒಂದು ವರ್ಷಕ್ಕೂ ಮೀರಿದ ಹಾಲು. ಯಾರೂ ಕದಿಯಲಿಲ್ಲ. ಬ್ಯಾಂಕೂ ಮೋಸ ಮಾಡಲಿಲ್ಲ. ಹೇಳಿದ ಬಡ್ಡಿಯನ್ನು ಹೇಳಿದ ದಿನವೇ ಕೊಟ್ಟಿದೆ. ಹಾಗಿದ್ದರೂ ಅಷ್ಟು ಹಾಲು ನಿಮ್ಮ ಕೈ ತಪ್ಪಿತು.

ಹಾಲನ್ನು ಬೇಕಂತಲೇ ಆರಿಸಿಕೊಂಡೆ. ಹಾಲಿನ ದರ ಒಂದು ರೂಪಾಯಿ ಏರಿದರೂ ಊರೆಲ್ಲ ಮಾತಾಡುತ್ತದೆ. ಸರ್ಕಾರ ಕೂಡ ಹಿಂದೆ ಮುಂದೆ ನೋಡಿಯೇ ಏರಿಸಲು ಬಿಡುತ್ತದೆ. ಅಂದರೆ ಹಾಲು ನಿಧಾನವಾಗಿ ಏರುವ ಪದಾರ್ಥ. ಐದು ವರ್ಷದಲ್ಲಿ ಅದು ಏರಿದ್ದು ಸುಮಾರು 24%. ಇಡೀ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಅದಕ್ಕಿಂತ ಜಾಸ್ತಿ ಏರಿದೆ.

ಆ ಸೂಚ್ಯಂಕದ ಲೆಕ್ಕವನ್ನೂ ನೋಡಿಬಿಡೋಣ. ವರ್ಷದ ಸರಾಸರಿ ಹಣದುಬ್ಬರ 2020-21ರಲ್ಲಿ 6.2%, ಮರುವರ್ಷ 5.5%, ಅದರ ಮರುವರ್ಷ 6.7%, ಆಮೇಲೆ 5.4%, 2024-25ರಲ್ಲಿ 4.6%. ಒಂದೊಂದೇ ನೋಡಿದರೆ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ಇವು ಒಂದರ ಮೇಲೊಂದು ಕೂರುತ್ತವೆ. ಮೊದಲ ವರ್ಷದ ಕೊನೆಗೆ ನಿಮ್ಮ ಖಾತೆಯಲ್ಲಿ 1,02,730 ಇರುತ್ತದೆ. ಆದರೆ ಹಿಂದಿನ ವರ್ಷ 1 ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 1,06,200 ಬೇಕು. ಮೂರನೇ ವರ್ಷದ ಕೊನೆಗೆ ಖಾತೆಯಲ್ಲಿ 1,08,400. ಬೇಕಾಗಿದ್ದು ಸುಮಾರು 1,19,500. ಐದನೇ ವರ್ಷದ ಕೊನೆಗೆ ಖಾತೆಯಲ್ಲಿ 1,14,400. ಬೇಕಾಗಿದ್ದು ಸುಮಾರು 1,31,800. ಕೊರತೆ 17,400 ರೂಪಾಯಿ.

ಇದನ್ನು 2020ರ ರೂಪಾಯಿಗೆ ತಿರುಗಿಸಿದರೆ, ನೀವು ಇಟ್ಟ 1 ಲಕ್ಷದ ಬೆಲೆ ಸುಮಾರು 86,800ಕ್ಕೆ ಇಳಿದಿದೆ. ಹೆಚ್ಚು ಕಡಿಮೆ 13% ಹೋಗಿದೆ. ಇದೇ ಮೊತ್ತವನ್ನು ಬ್ಯಾಂಕು ‘ಶುಲ್ಕ’ ಅಂತ ಖಾತೆಯಿಂದ ಕಳೆದಿದ್ದರೆ ನಾವು ಮ್ಯಾನೇಜರ್ ಮೇಜಿನ ಮುಂದೆ ನಿಂತು ಜಗಳ ಆಡುತ್ತಿದ್ದೆವು. ಎಸ್‌ಎಂಎಸ್‌ಗೆ 18 ರೂಪಾಯಿ ಹಿಡಿದರೇ ಕೇಳಲು ಬರುತ್ತೇವೆ. ಬೆಲೆ ಏರಿಕೆ ಮಾಡುವ ಕಡಿತಕ್ಕೆ ಪಾಸ್‌ಬುಕ್ಕಿನಲ್ಲಿ ಸಾಲೇ ಇಲ್ಲ. ಅದಕ್ಕೇ ಯಾರೂ ಕೇಳುವುದಿಲ್ಲ.

ಇದರ ಮೇಲೆ ತೆರಿಗೆಯೂ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಸ್‌ಬಿ ಬಡ್ಡಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ವಿನಾಯಿತಿ ಇತ್ತು. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದಿಲ್ಲ. 30% ಸ್ಲ್ಯಾಬಿನಲ್ಲಿ ಇರುವವರಿಗೆ 2.7% ಬಡ್ಡಿ ಕೈಗೆ ಬರುವ ಹೊತ್ತಿಗೆ 1.9%ಕ್ಕಿಂತ ಕಮ್ಮಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಹಣದುಬ್ಬರ ಏರಿದಾಗ ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತದೆ, ಆಗ ನಮ್ಮ ಠೇವಣಿಗೂ ಜಾಸ್ತಿ ಸಿಗುತ್ತದೆ, ಎರಡೂ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಎಫ್‌ಡಿಯ ಮಟ್ಟಿಗೆ ಇದು ಸ್ವಲ್ಪ ನಿಜ. ಎಸ್‌ಬಿ ಖಾತೆಯ ಮಟ್ಟಿಗೆ ನಿಜ ಅಲ್ಲ.

2022ರ ಏಪ್ರಿಲ್‌ನಲ್ಲಿ ಹಣದುಬ್ಬರ 7.79% ಮುಟ್ಟಿತು. ರಿಸರ್ವ್ ಬ್ಯಾಂಕಿನ ಗುರಿ 4%, ಎರಡು ಕಡೆ 2%ರಷ್ಟು ಆಚೀಚೆ ಆಗಬಹುದು. ಅಂದರೆ 6% ದಾಟಬಾರದು. ಆ ವರ್ಷ ಸತತ ಮೂರು ತ್ರೈಮಾಸಿಕ ದಾಟಿತು. ಹಾಗೆ ದಾಟಿದರೆ ಯಾಕೆ ಹೀಗಾಯಿತು ಅಂತ ಕೇಂದ್ರ ಸರ್ಕಾರಕ್ಕೆ ವರದಿ ಕೊಡಬೇಕು ಅಂತ ಕಾನೂನಿದೆ. ಅದನ್ನೂ ಕೊಡಬೇಕಾಯಿತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೋ ದರವನ್ನು, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 4%ರಿಂದ 6.5%ಗೆ ಏರಿಸಿದರು.

ಆಗ ಏನೇನಾಯಿತು ನೆನಪು ಮಾಡಿಕೊಳ್ಳಿ. ಹೋಮ್ ಲೋನ್ ಇದ್ದವರ ಮೊಬೈಲಿಗೆ ಮೆಸೇಜ್ ಮೇಲೆ ಮೆಸೇಜ್ ಬಂತು. ಇಎಂಐ ಏರಿತು, ಇಲ್ಲವೇ ಸಾಲದ ಅವಧಿ ಉದ್ದವಾಯಿತು. ಯಾಕೆಂದರೆ 2019ರ ಅಕ್ಟೋಬರ್‌ನಿಂದ ಫ್ಲೋಟಿಂಗ್ ದರದ ಹೊಸ ಗೃಹಸಾಲಗಳನ್ನು ರೆಪೋ ಥರದ ಹೊರಗಿನ ದರಕ್ಕೆ ಕಟ್ಟಿಹಾಕಿದ್ದಾರೆ. ಎಫ್‌ಡಿ ದರವೂ ನಿಧಾನವಾಗಿ ಏರಿತು. ಎಸ್‌ಬಿ ಖಾತೆಯ ಬಡ್ಡಿ ಮಾತ್ರ ನಮ್ಮ ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ ಅದೇ 2.7%. ರೆಪೋ ಎರಡೂವರೆ ಪರ್ಸೆಂಟ್ ಏರಿದರೂ ಇದು ಒಂದು ಪೈಸೆ ಏರಲಿಲ್ಲ.

2025ರಲ್ಲಿ ರೆಪೋ ಇಳಿಯಲು ಶುರುವಾಯಿತು. ಜೂನ್‌ಗೆ 5.5%ಗೆ ಬಂತು. ಎಸ್‌ಬಿ ಬಡ್ಡಿಯನ್ನು ಅದೇ ತಿಂಗಳು 2.5%ಗೆ ಇಳಿಸಿದರು. ಇಳಿಯುವಾಗ ಜೊತೆಗೆ ಇಳಿಯುತ್ತದೆ, ಏರುವಾಗ ಜೊತೆಗೆ ಏರುವುದಿಲ್ಲ.

ಯಾಕೆ ಹೀಗೆ? 2011ರ ಅಕ್ಟೋಬರ್‌ವರೆಗೆ ಎಸ್‌ಬಿ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. ಆಮೇಲೆ ಬ್ಯಾಂಕುಗಳ ಇಷ್ಟಕ್ಕೆ ಬಿಟ್ಟಿತು. ಪೈಪೋಟಿಯಿಂದ ಬಡ್ಡಿ ಏರುತ್ತದೆ ಅನ್ನುವ ಆಸೆ ಆಗ ಇತ್ತು. ಕೆಲವು ಸಣ್ಣ ಬ್ಯಾಂಕುಗಳು ಏರಿಸಿದವು ಕೂಡ. ದೊಡ್ಡ ಬ್ಯಾಂಕುಗಳು 4%ರಲ್ಲೇ ಕೂತು, 2017ರಿಂದ ಇಳಿಸುತ್ತಾ ಬಂದವು. ಏರಿಸುವ ಒತ್ತಡವೇ ಅವುಗಳಿಗೆ ಇರಲಿಲ್ಲ. ನಿಮ್ಮ ಸಂಬಳ ಆ ಖಾತೆಗೆ ಬರುತ್ತದೆ. ಗ್ಯಾಸ್ ಸಬ್ಸಿಡಿ, ಯುಪಿಐ, ಮಕ್ಕಳ ಸ್ಕೂಲ್ ಫೀ, ಬೆಸ್ಕಾಂ ಬಿಲ್ಲು ಎಲ್ಲ ಅದಕ್ಕೇ ಜೋಡಿಸಿಕೊಂಡಿದೆ. ಅರ್ಧ ಪರ್ಸೆಂಟ್ ಬಡ್ಡಿಗಾಗಿ ಯಾರು ಖಾತೆ ಬದಲಾಯಿಸುತ್ತಾರೆ? ಬ್ಯಾಂಕಿಗೆ ಇದು ಚೆನ್ನಾಗಿ ಗೊತ್ತು. ಕರೆಂಟ್ ಖಾತೆ ಮತ್ತು ಉಳಿತಾಯ ಖಾತೆಯ ದುಡ್ಡನ್ನು ಬ್ಯಾಂಕಿನವರು ‘ಕಾಸಾ’ ಅನ್ನುತ್ತಾರೆ. ಶಾಖೆಗಳಿಗೆ ಟಾರ್ಗೆಟ್ ಕೊಡುವಾಗ ಮೊದಲು ಕೇಳುವುದೇ ಅದನ್ನು. ಅದು ಬ್ಯಾಂಕಿಗೆ ಸಿಗುವ ಅತ್ಯಂತ ಅಗ್ಗದ ದುಡ್ಡು. ಹಾಗಾಗಿ ‘ಸಾರ್, ನಿಮ್ಮ ಖಾತೆಯಲ್ಲಿ ತುಂಬಾ ದುಡ್ಡು ಸುಮ್ನೆ ಕೂತಿದೆ, ಎಫ್‌ಡಿ ಮಾಡಿ’ ಅಂತ ಬ್ಯಾಂಕಿನವರೇ ಕರೆದು ಹೇಳಲಿ ಅಂತ ಕಾಯಬೇಡಿ. ಕರೆದರೂ ಹೆಚ್ಚಿನ ಸಲ ವಿಮೆ ಪಾಲಿಸಿ ಕೊಡುವುದಕ್ಕೆ ಕರೆಯುತ್ತಾರೆ.

ಅದೇ 1 ಲಕ್ಷವನ್ನು 2020ರ ಏಪ್ರಿಲ್ 1ಕ್ಕೆ ಎಫ್‌ಡಿಯಲ್ಲಿ ಇಟ್ಟಿದ್ದರೆ? ಆಗ ದೊಡ್ಡ ಬ್ಯಾಂಕಿನಲ್ಲಿ ಐದು ವರ್ಷಕ್ಕೆ 5.7% ಹತ್ತಿರ ಸಿಗುತ್ತಿತ್ತು. ಐದು ವರ್ಷಕ್ಕೆ ಸುಮಾರು 1,32,700 ಆಗುತ್ತಿತ್ತು. ಬೇಕಾಗಿದ್ದು 1,31,800. ಅಂದರೆ ದುಡ್ಡು ಬೆಳೆಯಲಿಲ್ಲ, ಆದರೆ ಕರಗಲೂ ಇಲ್ಲ. ತೆರಿಗೆ ಕಟ್ಟುವವರಿಗೆ ಸ್ವಲ್ಪ ಕರಗುತ್ತಿತ್ತು. ಎಫ್‌ಡಿಯಿಂದ ಶ್ರೀಮಂತರಾಗಬಹುದು ಅಂತ ನಾನು ಹೇಳುತ್ತಿಲ್ಲ. ಎರಡಕ್ಕೂ ಇರುವ 18,000 ರೂಪಾಯಿ ವ್ಯತ್ಯಾಸವನ್ನು ನೋಡಿ. ಒಂದೇ ಬ್ಯಾಂಕು, ಅದೇ ದುಡ್ಡು, ಅಷ್ಟೇ ಭದ್ರತೆ.

ಹಾಗಾದರೆ ಎಸ್‌ಬಿ ಖಾತೆ ಖಾಲಿ ಮಾಡಿಬಿಡಬೇಕಾ? ಖಂಡಿತ ಇಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ಅಂದರೆ ಕೆಲಸಕ್ಕೆ ಬರುವುದು ಆ ಖಾತೆಯೇ. ಆ ಅನುಕೂಲಕ್ಕಾಗಿ ನಾವು ಸ್ವಲ್ಪ ಬೆಲೆ ಕೊಡುತ್ತೇವೆ, ಅದು ಸರಿ. ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ದುಡ್ಡಿಗೆ ಆ ಬೆಲೆ ಕೊಡುತ್ತಾ ಇರುವುದೇ ತೊಂದರೆ. ನಿಮ್ಮ ಖಾತೆಯಲ್ಲಿ ಎಷ್ಟು ದುಡ್ಡು ಸುಮ್ನೆ ಕೂತಿದೆ ಅಂತ ಕಂಡುಹಿಡಿಯುವುದು ಸುಲಭ. ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಬ್ಯಾಲೆನ್ಸ್ ಕಾಲಂ ಮಾತ್ರ ನೋಡಿ. ಇಡೀ ವರ್ಷದಲ್ಲಿ ಅದು ಅತಿ ಕಮ್ಮಿ ಇದ್ದ ದಿನ ಯಾವುದು, ಅವತ್ತು ಎಷ್ಟಿತ್ತು? ಅಷ್ಟು ದುಡ್ಡು ವರ್ಷಪೂರ್ತಿ ನಿಮಗೆ ಒಂದು ದಿನವೂ ಬೇಕಾಗಲಿಲ್ಲ.

ವಿಜಯನಗರದ ಒಂದು ಮನೆ ಅಂದುಕೊಳ್ಳಿ. ಕೈಗೆ ಬರುವ ಸಂಬಳ 80,000. ಬಾಡಿಗೆಯೂ ಸೇರಿ ಖರ್ಚು ತಿಂಗಳಿಗೆ 60,000. ಸ್ಕೂಲ್ ಫೀ ಕಟ್ಟುವ ಜೂನ್‌ನಲ್ಲಿ ಖಾತೆ ತಳ ಮುಟ್ಟುತ್ತದೆ. ಆ ಜೂನ್‌ನಲ್ಲಿ, ಫೀ ಕಟ್ಟಿದ ಮೇಲೆ, ಸಂಬಳ ಬರುವ ಹಿಂದಿನ ದಿನ ಖಾತೆಯಲ್ಲಿ 4,10,000 ಇತ್ತು. ಅಂದರೆ ಅವರ ಸಂಸಾರ ನಡೆದಿದ್ದು ಅದರ ಮೇಲಿನ ದುಡ್ಡಿನಲ್ಲಿ. ಈ 4,10,000ಕ್ಕೆ 2.5%ರಂತೆ ವರ್ಷಕ್ಕೆ 10,250 ಬಡ್ಡಿ ಬರುತ್ತದೆ. ಹಣದುಬ್ಬರ ರಿಸರ್ವ್ ಬ್ಯಾಂಕಿನ ಗುರಿಯಾದ 4%ರಲ್ಲೇ ನಿಂತಿತು ಅಂತ ಒಳ್ಳೆಯದನ್ನೇ ಊಹಿಸಿದರೂ, ಬೆಲೆ ಉಳಿಸಿಕೊಳ್ಳಲು 16,400 ಬೇಕು. ವರ್ಷಕ್ಕೆ 6,150 ಕರಗುತ್ತದೆ, ತಿಂಗಳಿಗೆ 500 ರೂಪಾಯಿಗೂ ಮೇಲೆ.

ಇವರು ಒಂದು ತಿಂಗಳ ಖರ್ಚು 60,000ವನ್ನು ಅಲ್ಲೇ ಬಿಡಲಿ. ಉಳಿದ 3,50,000ದಲ್ಲಿ ಮೂರು ತಿಂಗಳ ಖರ್ಚು, ಅಂದರೆ 1,80,000, ಬೇಕಾದ ತಕ್ಷಣ ಸಿಗುವಂತಿರಬೇಕು. ಅದಕ್ಕೆ ಆಟೋ ಸ್ವೀಪ್ ಇದೆ. ಕೆಲವು ಬ್ಯಾಂಕು ಫ್ಲೆಕ್ಸಿ ಅನ್ನುತ್ತವೆ, ಎಸ್‌ಬಿಐನಲ್ಲಿ ಎಂಒಡಿ ಅನ್ನುತ್ತಾರೆ. ನೀವು ಹೇಳಿದ ಮಿತಿಗಿಂತ ಜಾಸ್ತಿ ಇರುವ ದುಡ್ಡು ತಾನಾಗೇ ಎಫ್‌ಡಿ ಆಗುತ್ತದೆ. ಖಾತೆಯಲ್ಲಿ ದುಡ್ಡು ಸಾಲದಿದ್ದಾಗ ಎಫ್‌ಡಿಯ ಬೇಕಾದಷ್ಟು ಭಾಗ ಒಡೆದು ವಾಪಸ್ ಬರುತ್ತದೆ. ಮಿಕ್ಕ 1,70,000ವನ್ನು ಒಂದೆರಡು ವರ್ಷದ ಮಾಮೂಲಿ ಎಫ್‌ಡಿಗೆ ಹಾಕಬಹುದು. ಐದಾರು ವರ್ಷ ಬೇಡವೇ ಬೇಡ ಅನ್ನುವ ದುಡ್ಡಾದರೆ ಬೇರೆ ದಾರಿಗಳಿವೆ. 3,50,000ಕ್ಕೆ 6% ಸಿಕ್ಕಿತು ಅಂದರೂ, ಎಸ್‌ಬಿಗಿಂತ ವರ್ಷಕ್ಕೆ 12,250 ಜಾಸ್ತಿ, ತೆರಿಗೆಗೆ ಮುಂಚೆ.

ಸ್ವೀಪ್‌ನಲ್ಲೂ ಎಡವುವ ಜಾಗ ಇದೆ. ಮಿತಿಯನ್ನು ತೀರಾ ಕಮ್ಮಿ ಇಟ್ಟರೆ ದುಡ್ಡು ವಾರ ವಾರ ಎಫ್‌ಡಿಗೆ ಹೋಗಿ ಒಡೆದು ಬರುತ್ತಲೇ ಇರುತ್ತದೆ. ಏಳು ದಿನ ಪೂರೈಸದೆ ಒಡೆದ ಎಫ್‌ಡಿಗೆ ಸಾಮಾನ್ಯವಾಗಿ ಬಡ್ಡಿಯೇ ಇಲ್ಲ. ಬೇಗ ಒಡೆದರೆ ಒಂದು ವರ್ಷದ ದರ ಸಿಗುವುದಿಲ್ಲ. ದುಡ್ಡು ನಿಜಕ್ಕೂ ಎಷ್ಟು ದಿನ ಇತ್ತೋ ಆ ಅವಧಿಯ ದರ, ಅದರಲ್ಲೂ ಸ್ವಲ್ಪ ದಂಡ ಕಳೆದು ಸಿಗುತ್ತದೆ. ಆ ಅವಧಿಯ ದರ ಎಸ್‌ಬಿ ಬಡ್ಡಿಗೆ ತೀರಾ ಹತ್ತಿರ ಇರಬಹುದು. ಅದಕ್ಕೇ ಮಿತಿ ಒಂದು ತಿಂಗಳ ಖರ್ಚಿಗಿಂತ ಕೆಳಗೆ ಬೇಡ. ಹೊಸದಾಗಿ ಮಾಡಿದ ಎಫ್‌ಡಿ ಮೊದಲು ಒಡೆಯಬೇಕಾ, ಹಳೆಯದಾ ಅಂತಲೂ ಕೇಳಿಕೊಳ್ಳಿ. ಹೊಸದು ಮೊದಲು ಒಡೆದರೆ ಹಳೆಯದರ ಬಡ್ಡಿ ಉಳಿಯುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮುಂದೆ ಕೂತಿದ್ದ ಹಿರಿಯರೊಬ್ಬರು, ‘ಅಲ್ಲ ಸಾರ್, ಈಗ ಹಣದುಬ್ಬರ ಪೂರ್ತಿ ಇಳಿದಿದೆ ಅಂತ ಪೇಪರಿನಲ್ಲಿ ಬಂದಿತ್ತಲ್ಲ?’ ಅಂದರು. ಹೌದು, ಇಳಿದಿತ್ತು. 2025ರ ಅಕ್ಟೋಬರ್‌ನಲ್ಲಿ ಅದು 0.25%. ಆ ತಿಂಗಳ ಲೆಕ್ಕದಲ್ಲಿ 2.5% ಬಡ್ಡಿ ಕೊಡುವ ಎಸ್‌ಬಿ ಖಾತೆ ಗೆದ್ದಿದೆ, ಅದನ್ನು ಒಪ್ಪಬೇಕು. ಆದರೆ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ. ಬೆಲೆ ಏರುವ ವೇಗ ಇಳಿಯಿತು ಅಂತ, ಅಷ್ಟೇ. ಹಾಲು 37ಕ್ಕೆ ವಾಪಸ್ ಬರಲಿಲ್ಲ. ಹಿಂದಿನ ಐದು ವರ್ಷದಲ್ಲಿ ಕರಗಿದ 13% ಹಾಗೇ ಹೋಯಿತು. ಅಲ್ಲದೆ ಆ ಇಳಿಕೆಗೆ ಮುಖ್ಯ ಕಾರಣ ತರಕಾರಿ ಮತ್ತು ಆಹಾರ ಪದಾರ್ಥಗಳು. ಆ ಸೂಚ್ಯಂಕದಲ್ಲಿ ಆಹಾರದ ಪಾಲೇ ಹತ್ತಿರ ಹತ್ತಿರ 46% ಇತ್ತು. ಬೆಂಗಳೂರಿನ ಬಾಡಿಗೆ ಮನೆಯ ಸಂಸಾರದಲ್ಲಿ ಅಷ್ಟು ಭಾಗ ಊಟಕ್ಕೆ ಹೋಗುವುದಿಲ್ಲ. ಬಾಡಿಗೆ, ಫೀಸು, ಓಡಾಟಕ್ಕೆ ಹೋಗುತ್ತದೆ. ಅದೇ 2025ರ ಜನವರಿಯಲ್ಲಿ ಬಿಎಂಟಿಸಿ ಬಸ್ ದರ 15% ಏರಿತ್ತು.

ಬಾಡಿಗೆ ಅಂದ ತಕ್ಷಣ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ‘ಅಂಕಲ್, ಓನರ್ ಹತ್ತಿರ ಇರೋ ಅಡ್ವಾನ್ಸ್?’ ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಬಡ್ಡಿಯೇ ಇಲ್ಲ. 2 ಲಕ್ಷ ಕೊಟ್ಟು ಐದು ವರ್ಷ ಅದೇ ಮನೆಯಲ್ಲಿ ಇದ್ದರೆ, ವರ್ಷಕ್ಕೆ 5% ಬೆಲೆ ಏರಿಕೆ ಅಂತ ಇಟ್ಟುಕೊಂಡರೂ, ವಾಪಸ್ ಬರುವ 2 ಲಕ್ಷದ ಬೆಲೆ ಸುಮಾರು 1,57,000. ಪೇಂಟಿಂಗಿಗೆ ಹಿಡಿದುಕೊಳ್ಳುವುದು ಬೇರೆ. ಹೊಸ ಮನೆ ನೋಡುವಾಗ ಬಾಡಿಗೆಯ ಜೊತೆಗೆ ಅಡ್ವಾನ್ಸನ್ನೂ ಚೌಕಾಸಿ ಮಾಡಿ. ಅಡ್ವಾನ್ಸ್ ಒಂದು ಲಕ್ಷ ಕಮ್ಮಿ ಮಾಡಿಸಿದರೆ, ಅದನ್ನು 6%ಗೆ ಇಟ್ಟಾಗ ತಿಂಗಳಿಗೆ 500 ರೂಪಾಯಿ ಬಾಡಿಗೆ ಕಮ್ಮಿ ಮಾಡಿಸಿದ ಹಾಗೆ.

ಕೊನೆಗೆ ಒಬ್ಬರು ಅಮ್ಮ ಕೇಳಿದರು: ‘ಸಣ್ಣ ಬ್ಯಾಂಕುಗಳು ಎಸ್‌ಬಿಗೇ ಜಾಸ್ತಿ ಬಡ್ಡಿ ಕೊಡ್ತೀವಿ ಅಂತಾವಲ್ಲ, ಅಲ್ಲಿಗೇ ಹಾಕಿಬಿಡಲಾ?’ ಹಾಕಬಹುದು ಅಮ್ಮ, ಎರಡು ವಿಷಯ ನೋಡಿಕೊಂಡು. ಮೊದಲನೆಯದು, ಜಾಹೀರಾತಿನ ದೊಡ್ಡ ಬಡ್ಡಿ ಎಷ್ಟೋ ಸಲ ಕೆಲವು ಲಕ್ಷ ದಾಟಿದ ಬ್ಯಾಲೆನ್ಸಿಗೆ ಮಾತ್ರ ಇರುತ್ತದೆ. ನಿಮ್ಮ 1 ಲಕ್ಷಕ್ಕೆ ಎಷ್ಟು ಅಂತ ಸ್ಲ್ಯಾಬ್ ಪಟ್ಟಿಯಲ್ಲಿ ನೋಡಿ. ಎರಡನೆಯದು, ಠೇವಣಿ ವಿಮೆ. ಬ್ಯಾಂಕು ಮುಳುಗಿದರೆ ಡಿಐಸಿಜಿಸಿ ಅನ್ನುವ ಠೇವಣಿ ವಿಮಾ ಸಂಸ್ಥೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಕೊಡುವುದು ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಇತ್ತು. ಅದೇ ಬ್ಯಾಂಕಿನ ಬೇರೆ ಬೇರೆ ಶಾಖೆಯಲ್ಲಿ ಹಂಚಿದರೆ ಪ್ರಯೋಜನ ಇಲ್ಲ, ಎಲ್ಲ ಒಟ್ಟು ಸೇರಿಸುತ್ತಾರೆ. ಎಸ್‌ಬಿ, ಎಫ್‌ಡಿ, ಆರ್‌ಡಿ ಮೂರನ್ನೂ ಕೂಡಿಸಿಯೇ ಲೆಕ್ಕ. ನಿಮ್ಮ ಹೆಸರಿನಲ್ಲಿ 4,50,000 ಇಟ್ಟರೆ ಒಂದು ವರ್ಷದ ಬಡ್ಡಿ ಬೆಳೆದರೂ ಮಿತಿಯೊಳಗೆ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು ಬ್ಯಾಂಕಿನಲ್ಲಿ ಇಡಿ.